ಒಂಬತ್ತು ಗಜ ಕೇಳಿದವರಿಗೆ ಆರು ಗಜದ ಸೀರೆ: ಒಂದು ಕ್ಷಮಾಪಣೆ ಪತ್ರದ ಪ್ರಕರಣ ಅಧ್ಯಯನ

ಸಣ್ಣ ಅಂಗಡಿಗಳ ಆನ್‌ಲೈನ್ ವ್ಯವಹಾರದ ಲೆಕ್ಕಪತ್ರ ಮತ್ತು ಗ್ರಾಹಕರೊಂದಿಗಿನ ಪತ್ರವ್ಯವಹಾರವನ್ನು ನೋಡಿಕೊಳ್ಳುವ ಕೆಲಸದಲ್ಲಿ ಎದುರಾದ ಒಂದು ಪ್ರಸಂಗವನ್ನು ಇಲ್ಲಿ ದಾಖಲಿಸಲಾಗಿದೆ. ಅಂಗಡಿಯ ಹಾಗೂ ಗ್ರಾಹಕರ ಗುರುತನ್ನು ಮರೆಮಾಡಲಾಗಿದೆ. ಸರಕಿನ ಕೋಡ್ ಮತ್ತು ಬೆಲೆಗಳನ್ನೂ ಸ್ವಲ್ಪ ಬದಲಿಸಲಾಗಿದೆ, ಆದರೆ ಅವುಗಳ ನಡುವಿನ ಅಂತರ ಮೂಲದಲ್ಲಿದ್ದಂತೆಯೇ ಇದೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯ ಒಂದು ಕುಟುಂಬವು ಇಳಕಲ್ ಸೀರೆಗಳನ್ನು ನೇಕಾರರಿಂದ ಕೊಂಡು ಮಾರುತ್ತ ಬಂದಿದೆ. ಕೆಲವು ವರ್ಷಗಳಿಂದ ತನ್ನದೇ ವೆಬ್‌ಸೈಟಿನ ಮೂಲಕವೂ ಮಾರಾಟ ಮಾಡುತ್ತಿದೆ. ಮಾಲೀಕರು ಐವತ್ತು ದಾಟಿದವರು, ಸೀರೆಯನ್ನು ಕೈಯಲ್ಲಿ ಹಿಡಿದರೆ ಯಾವ ಮಗ್ಗದ್ದೆಂದು ಹೇಳಬಲ್ಲವರು. ವೆಬ್‌ಸೈಟನ್ನು ನೋಡಿಕೊಳ್ಳುವವನು ಅವರ ತಂಗಿಯ ಮಗ. ಪ್ಯಾಕಿಂಗ್ ಮಾಡಲು ಒಬ್ಬ ಹಳೆಯ ಆಳಿದ್ದಾನೆ.

ಇಳಕಲ್ ಸೀರೆ ಕೊಳ್ಳುವವರಿಗೆ ಬಣ್ಣ ಮತ್ತು ದಡಿಯಷ್ಟೇ ಉದ್ದವೂ ಮುಖ್ಯವಾಗುತ್ತದೆ. ಇಂದಿನ ಹೆಚ್ಚಿನ ಹೆಣ್ಣುಮಕ್ಕಳು ಉಡುವುದು ಆರು ಗಜದ ಸೀರೆ, ಅಂದರೆ ಸುಮಾರು 5.5 ಮೀಟರ್. ಕಚ್ಚೆ ಹಾಕಿ ಉಡುವ ಹಿರಿಯರಿಗೆ ಒಂಬತ್ತು ಗಜ ಬೇಕು, ಅಂದರೆ ಸುಮಾರು 8.2 ಮೀಟರ್. ಇವೆರಡರ ನಡುವೆ ಎಂಟು ಗಜದ್ದೂ ಇದೆ. ಬಣ್ಣ ಕೊಂಚ ಬೇರೆಯಾದರೆ ಹೇಗೋ ಹೊಂದಿಸಿಕೊಳ್ಳಬಹುದು, ಆದರೆ ಒಂಬತ್ತು ಗಜ ಉಡುವವರಿಗೆ ಆರು ಗಜ ಬಂದರೆ ಅದನ್ನು ಉಡಲು ಸಾಧ್ಯವೇ ಇಲ್ಲ. ಈ ಪ್ರಕರಣದಲ್ಲಿ ಕ್ಷಮಾಪಣೆಯ ತೂಕವನ್ನು ನಿರ್ಧರಿಸಿದ್ದು ಇದೇ ಸಂಗತಿ.

ಗೋಮಿ ದಡಿಯ, ಗಿರಿಕುಂಕುಮ ಬಣ್ಣದ ಸೀರೆಯೊಂದು ವೆಬ್‌ಸೈಟಿನಲ್ಲಿ ಮೂರು ಉದ್ದಗಳಲ್ಲಿ ಪಟ್ಟಿಯಾಗಿತ್ತು. ಒಂಬತ್ತು ಗಜಕ್ಕೆ 3,600 ರೂಪಾಯಿ, ಆರು ಗಜಕ್ಕೆ 2,400 ರೂಪಾಯಿ, ಎಂಟು ಗಜದ್ದು ಇವೆರಡರ ಮಧ್ಯದ ಬೆಲೆ. ಪ್ರತಿ ಉದ್ದಕ್ಕೂ ಒಂದೊಂದು ಕೋಡ್ ಇದ್ದು, ಆರ್ಡರ್ ಬಂದಾಗ ಪ್ಯಾಕಿಂಗ್ ಚೀಟಿಯ ಮೇಲೆ ಆ ಕೋಡ್ ಮತ್ತು ಬಣ್ಣ ಮಾತ್ರ ಅಚ್ಚಾಗುತ್ತಿತ್ತು.

ದೂರು ಬಂದ ಬಗೆ

ಪುಣೆಯಲ್ಲಿ ನೆಲೆಸಿರುವ ಧಾರವಾಡ ಕಡೆಯ ಮಹಿಳೆಯೊಬ್ಬರು ತಮ್ಮ ತಾಯಿಯ ಸಹಸ್ರ ಚಂದ್ರ ದರ್ಶನ ಶಾಂತಿಗೆಂದು ಒಂಬತ್ತು ಗಜದ ಗಿರಿಕುಂಕುಮ ಸೀರೆಯನ್ನು ತರಿಸಿಕೊಂಡರು. ಪೊಟ್ಟಣ ಸಮಯಕ್ಕೆ ಸರಿಯಾಗಿ ತಲುಪಿತು. ಅದೇ ಸಂಜೆ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಎರಡು ಫೋಟೋಗಳು ಮತ್ತು ಒಂದು ಚಿಕ್ಕ ಸಂದೇಶ ಬಂದವು: “ಅವ್ವ ತನ್ನ ಮೊಳದಾಗ ಅಳದು ನೋಡಿದಳ್ರಿ. ಹನ್ನೆರಡು ಮೊಳಕ್ಕ ಮುಗದ ಹೋತು. ಹದಿನೆಂಟು ಬರಬೇಕಿತ್ತು. ಕಾರ್ಯಕ್ರಮಕ್ಕ ಹನ್ನೊಂದು ದಿನ ಉಳದಾವ. ಏನ್ ಮಾಡ್ತೀರಿ ಹೇಳ್ರಿ.”

ಒಂದು ಫೋಟೋದಲ್ಲಿ ಹಾಸಿದ ಸೀರೆ ಮತ್ತು ಮುದುಕಿಯ ಮುಂಗೈ ಕಾಣುತ್ತಿತ್ತು. ಇನ್ನೊಂದರಲ್ಲಿ ಸೀರೆಗೆ ಕಟ್ಟಿದ ಚೀಟಿಯಿತ್ತು, ಅದರ ಮೇಲೆ `IL-GM-GK-6` ಎಂದು ಸ್ಪಷ್ಟವಾಗಿ ಓದಲು ಬರುತ್ತಿತ್ತು. ಎರಡನೆಯ ಫೋಟೋಕ್ಕೆ ಆ ಕ್ಷಣದಲ್ಲಿ ಅಂಗಡಿಯಲ್ಲಿ ಯಾರೂ ಗಮನ ಕೊಡಲಿಲ್ಲ.

ಮೊದಲ ಕರಡು

ಮಾಲೀಕರ ಸೋದರಳಿಯ ಅಂದೇ ರಾತ್ರಿ ಒಂದು ಪತ್ರವನ್ನು ಸಿದ್ಧಪಡಿಸಿ, ಕಳುಹಿಸುವ ಮುನ್ನ ನನಗೆ ತೋರಿಸಿದ. ಅದು ಹೀಗಿತ್ತು:

“ಆತ್ಮೀಯ ಗ್ರಾಹಕರೇ, ತಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ. ಪ್ಯಾಕಿಂಗ್ ವೇಳೆ ಕಣ್ತಪ್ಪಿನಿಂದ ಬೇರೆ ಅಳತೆಯ ಸೀರೆ ಬಂದಿರಬಹುದು. ದಯವಿಟ್ಟು ಸೀರೆಯನ್ನು ನಮಗೆ ಹಿಂದಿರುಗಿಸಿ. ಪರಿಶೀಲಿಸಿದ ಬಳಿಕ ಸರಿಯಾದ ಸೀರೆಯನ್ನು ಕಳುಹಿಸಲಾಗುವುದು. ತಮ್ಮ ಮುಂದಿನ ಖರೀದಿಗೆ ಶೇಕಡಾ 15 ರಿಯಾಯಿತಿ ನೀಡುತ್ತಿದ್ದೇವೆ.”

ಇದರಲ್ಲಿ ಒರಟು ಮಾತು ಒಂದೂ ಇಲ್ಲ. ಇಂತಹ ಪತ್ರಗಳು ದಿನಕ್ಕೆ ಎಷ್ಟೋ ಜನರಿಗೆ ಹೋಗುತ್ತವೆ. ಆದರೂ ಇದನ್ನು ಕಳುಹಿಸದಂತೆ ತಡೆದೆ, ಏಕೆಂದರೆ ಕಾರಣವೇನೆಂದು ಯಾರೂ ನೋಡದೆಯೇ ಇದು ಕಾರಣವನ್ನು ಹೇಳುತ್ತಿತ್ತು. “ಬಂದಿರಬಹುದು” ಎಂಬ ಪದವು ಅವರ ತಾಯಿ ಮೊಳ ಹಾಕಿ ಅಳೆದ ಸೀರೆಯನ್ನು ಅನುಮಾನದಲ್ಲಿ ಇಡುತ್ತಿತ್ತು. “ಪರಿಶೀಲಿಸಿದ ಬಳಿಕ” ಎಂಬ ಷರತ್ತು ಇನ್ನೂ ಕೆಟ್ಟದ್ದು. ಪುಣೆಯಿಂದ ಸೀರೆ ಬಂದು ಸೇರಲು ನಾಲ್ಕು ದಿನ, ಮತ್ತೊಂದು ಹೋಗಿ ತಲುಪಲು ನಾಲ್ಕು ದಿನ, ಮಧ್ಯೆ ಒಂದು ಭಾನುವಾರ ಸೇರಿದರೆ ಹನ್ನೊಂದು ದಿನಗಳಲ್ಲಿ ಎರಡೇ ದಿನ ಉಳಿಯುತ್ತಿದ್ದವು. ರಿಯಾಯಿತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಮೊದಲ ವ್ಯವಹಾರ ಇನ್ನೂ ಕೆಟ್ಟುಹೋಗಿರುವಾಗ ಮುಂದಿನ ಖರೀದಿಯ ಮಾತೆತ್ತುವುದು ಪರಿಹಾರದ ವೇಷದಲ್ಲಿ ವ್ಯಾಪಾರ ಮಾಡಿದಂತೆ.

ಆ ರಾತ್ರಿ ಪತ್ರದ ಬದಲು ನಾಲ್ಕು ಸಾಲುಗಳ ಒಂದು ಸಂದೇಶವನ್ನಷ್ಟೇ ಕಳುಹಿಸಲಾಯಿತು. ಫೋಟೋಗಳು ತಲುಪಿವೆ, ಬಂದಿರುವುದು ಆರು ಗಜದ ಸೀರೆ ಎಂಬುದು ಅವುಗಳಿಂದಲೇ ಸ್ಪಷ್ಟವಾಗಿದೆ, ಸೀರೆಯನ್ನು ಈಗಲೇ ವಾಪಸ್ ಕಳುಹಿಸಬೇಡಿ, ಏನಾಯಿತೆಂದು ನೋಡಿ ನಾಳೆ ಮಧ್ಯಾಹ್ನದೊಳಗೆ ಪೂರ್ತಿ ಉತ್ತರ ಬರೆಯುತ್ತೇವೆ ಎಂಬುದಿಷ್ಟೇ ಅದರಲ್ಲಿತ್ತು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿ ತಿಳಿಸಬೇಕು ಮತ್ತು ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆದರೆ ಹನ್ನೊಂದು ದಿನಗಳ ಗಡುವು ಇರುವವರಿಗೆ ಆ 48 ಗಂಟೆಯೂ ದೀರ್ಘವೇ.

ಕಾರಣದ ಹುಡುಕಾಟ

ತಪ್ಪು ಸರಕು ಹೋದಾಗ ಅದು ಎಲ್ಲಿ ತಪ್ಪಿತು ಎಂದು ತಿಳಿಯಲು ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕಾಗುತ್ತದೆ: ಗ್ರಾಹಕರಿಗೆ ಹೋದ ಆರ್ಡರ್ ದೃಢೀಕರಣ, ಅಂಗಡಿಯಲ್ಲಿ ಅಚ್ಚಾದ ಪ್ಯಾಕಿಂಗ್ ಚೀಟಿ, ಮತ್ತು ಸರಕಿಗೆ ಕಟ್ಟಿದ ಚೀಟಿ. ಪ್ಯಾಕಿಂಗ್ ಚೀಟಿಗೂ ಸರಕಿನ ಚೀಟಿಗೂ ತಾಳೆಯಾಗದಿದ್ದರೆ ತಪ್ಪು ಪ್ಯಾಕ್ ಮಾಡಿದವರದು. ಅವೆರಡೂ ತಾಳೆಯಾಗಿ, ಆರ್ಡರ್ ದೃಢೀಕರಣ ಮಾತ್ರ ಬೇರೆ ಹೇಳುತ್ತಿದ್ದರೆ ಪ್ಯಾಕ್ ಮಾಡಿದವರು ತಮಗೆ ಹೇಳಿದ್ದನ್ನೇ ಮಾಡಿದ್ದಾರೆ, ತಪ್ಪು ಇರುವುದು ಪಟ್ಟಿಯಲ್ಲಿ.

ಇಲ್ಲಿ ಆರ್ಡರ್ ದೃಢೀಕರಣದಲ್ಲಿ “ಗಿರಿಕುಂಕುಮ, 9 ಗಜ, ರೂ. 3,600” ಎಂದಿತ್ತು. ಪ್ಯಾಕಿಂಗ್ ಚೀಟಿಯಲ್ಲಿ `IL-GM-GK-6` ಎಂದಿತ್ತು. ಸೀರೆಯ ಚೀಟಿಯಲ್ಲಿಯೂ ಅದೇ ಇತ್ತು. ಗ್ರಾಹಕರು ಕಳುಹಿಸಿದ ಎರಡನೆಯ ಫೋಟೋದಲ್ಲಿ ಅರ್ಧ ಉತ್ತರ ಆಗಲೇ ಇತ್ತು ಎಂಬುದು ಆಗ ಅರಿವಿಗೆ ಬಂತು. ಪ್ಯಾಕಿಂಗ್ ಮಾಡುವ ಆಳನ್ನು ಹಿಂದಿನ ರಾತ್ರಿಯೇ ಗದರಿಸಲಾಗಿತ್ತು. ಬೆಳಿಗ್ಗೆ ಮಾಲೀಕರು ಅವನನ್ನು ಕರೆದು, “ನಿಂದೇನೂ ತಪ್ಪಿಲ್ಲೋ ತಮ್ಮಾ, ನಮ್ಮ ಕಂಪ್ಯೂಟರಿಂದೇ ತಪ್ಪು” ಎಂದು ಹೇಳಿದರು. ಕಂಪ್ಯೂಟರಿನದ್ದೂ ತಪ್ಪಲ್ಲವೆಂಬುದು ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ವೆಬ್‌ಸೈಟಿಗೆ ಸರಕುಗಳನ್ನು ಒಂದೊಂದಾಗಿ ಸೇರಿಸದೆ, ಹಾಳೆಯಲ್ಲಿ ಪಟ್ಟಿ ಮಾಡಿ ಒಟ್ಟಿಗೆ ಏರಿಸುವ ರೂಢಿ ಆ ಅಂಗಡಿಯಲ್ಲಿತ್ತು. ಗೋಮಿ ದಡಿಯ ಹಾಳೆಯಲ್ಲಿ ಪ್ರತಿ ಬಣ್ಣದ ಕೆಳಗೆ ಉದ್ದಗಳು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಲ್ಪಟ್ಟಿದ್ದವು, ಅಂದರೆ 9, 8, 6. ಹೊಸ ಬಣ್ಣವೊಂದನ್ನು ಸೇರಿಸುವಾಗ ಕೋಡುಗಳನ್ನು ಕ್ರಮವಾಗಿ ಜೋಡಿಸಲೆಂದು ಸೋದರಳಿಯ ಕೋಡಿನ ಕಾಲಂ ಒಂದನ್ನೇ ಆರಿಸಿ ಏರಿಕೆಯ ಕ್ರಮದಲ್ಲಿ ವಿಂಗಡಿಸಿದ್ದ. ಅಕ್ಕಪಕ್ಕದ ಕಾಲಂಗಳನ್ನೂ ಜೊತೆಗೆ ಸೇರಿಸಬೇಕೇ ಎಂದು ತಂತ್ರಾಂಶ ಕೇಳಿದಾಗ ಬೇಡವೆಂದು ಒತ್ತಿದ್ದ. ಪರಿಣಾಮವಾಗಿ ಹೆಸರು, ಬೆಲೆ, ದಾಸ್ತಾನಿನ ಸಂಖ್ಯೆ ಎಲ್ಲವೂ ಇದ್ದಲ್ಲೇ ಉಳಿದು, ಕೋಡುಗಳು ಮಾತ್ರ 6, 8, 9 ಎಂದು ತಿರುವುಮುರುವಾದವು. ಬಣ್ಣಗಳು ಮೊದಲೇ ಅಕ್ಷರಕ್ರಮದಲ್ಲಿದ್ದುದರಿಂದ ಬಣ್ಣ ಎಲ್ಲಿಯೂ ತಪ್ಪಲಿಲ್ಲ, ಉದ್ದ ಮಾತ್ರ ತಪ್ಪಿತು.

```
ಹೆಸರು     ಬೆಲೆ      ಇರಬೇಕಾದ ಕೋಡ್      ಏರಿಸಿದ ಕೋಡ್
9 ಗಜ     3,600     IL-GM-GK-9       IL-GM-GK-6
8 ಗಜ     3,200     IL-GM-GK-8       IL-GM-GK-8
6 ಗಜ     2,400     IL-GM-GK-6       IL-GM-GK-9
```

ನಡುವಿನ ಸಾಲನ್ನು ಗಮನಿಸಬೇಕು. ಮೂರು ಸಾಲುಗಳನ್ನು ತಲೆಕೆಳಗು ಮಾಡಿದರೆ ಮಧ್ಯದ್ದು ತನ್ನ ಜಾಗದಲ್ಲೇ ಇರುತ್ತದೆ. ಹಾಳೆಯನ್ನು ಏರಿಸಿದ ನಂತರ ಮೊದಲು ಬಂದ ಆರ್ಡರುಗಳೆಲ್ಲ ಎಂಟು ಗಜದವು, ಅವು ಸರಿಯಾಗಿಯೇ ಹೋದವು. ಆದ್ದರಿಂದ ಪಟ್ಟಿಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ.

ಕಪಾಟಿನ ಮುಂದೆ

ಕಾರಣ ಸಿಕ್ಕ ಕೂಡಲೇ ಮಾಲೀಕರು “ಇವತ್ತ ಒಂಬತ್ತು ಗಜದ್ದ ಕಳಿಸಿಬಿಡೂಣು, ಸೈಟಿನ್ಯಾಗ ಒಂದು ಉಳದೈತಿ” ಎಂದರು. ಪತ್ರದಲ್ಲಿ ಹಾಗೆಯೇ ಬರೆದುಬಿಡುವ ಆಲೋಚನೆಯೂ ಇತ್ತು. ಬರೆದಿದ್ದರೆ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದಾಗುತ್ತಿತ್ತು.

ಕೋಡು ಅದಲುಬದಲಾದಾಗ ದಾಸ್ತಾನಿನ ಲೆಕ್ಕವೂ ಸುಳ್ಳಾಗುತ್ತದೆ ಎಂಬುದನ್ನು ಇಂತಹ ಸಂದರ್ಭದಲ್ಲಿ ಬಹಳ ಜನ ಮರೆಯುತ್ತಾರೆ. ಹಾಳೆ ಏರಿಸಿದ ದಿನ ಒಂಬತ್ತು ಗಜದವು ಮೂರು ಇದ್ದವು. ಆಮೇಲೆ “9 ಗಜ” ಎಂಬ ಹೆಸರಿನಲ್ಲಿ ಎರಡು ಮಾರಾಟವಾದವು, ಹಾಗಾಗಿ ಸೈಟಿನಲ್ಲಿ ಒಂದು ಉಳಿದಿದೆ ಎಂದು ತೋರಿಸುತ್ತಿತ್ತು. ಆದರೆ ಆ ಎರಡು ಆರ್ಡರುಗಳಿಗೆ ಹೊರಟದ್ದು ಆರು ಗಜದ ಸೀರೆಗಳು. ಅದೇ ಅವಧಿಯಲ್ಲಿ “6 ಗಜ” ಎಂಬ ಹೆಸರಿನಲ್ಲಿ ಮೂವರು ಕೊಂಡಿದ್ದರು, ಅವರಿಗೆ ಹೋದದ್ದು ಒಂಬತ್ತು ಗಜದ ಮೂರೂ ಸೀರೆಗಳು. ಕಪಾಟನ್ನು ತೆಗೆದು ನೋಡಿದಾಗ ಗಿರಿಕುಂಕುಮದ ಒಂಬತ್ತು ಗಜದ್ದು ಒಂದೂ ಇರಲಿಲ್ಲ.

ನೇಕಾರರನ್ನು ಕೇಳಲಾಯಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಆ ಬಣ್ಣ, ಆ ದಡಿ, ಆ ಉದ್ದಕ್ಕೆ ಮಗ್ಗ ಸಿದ್ಧವಿಲ್ಲದಿದ್ದರೆ ಒಂದೇ ಒಂದು ಸೀರೆಯನ್ನು ಅವಸರದಲ್ಲಿ ನೇಯ್ದುಕೊಡಲು ಬರುವುದಿಲ್ಲ. ಸೀರೆ ಕೈಗೆ ಬರಲು ಕನಿಷ್ಠ ಹತ್ತು ದಿನ ಎಂದರು. ಅದಕ್ಕೆ ಕೊರಿಯರ್ ದಿನಗಳನ್ನು ಸೇರಿಸಿದರೆ ಶಾಂತಿಯ ದಿನ ದಾಟುತ್ತಿತ್ತು. ಕಪಾಟಿನಲ್ಲಿ ಅದೇ ಬಣ್ಣದ, ಒಂಬತ್ತು ಗಜದ, ಆದರೆ ಗಾಡಿ ದಡಿಯ ಎರಡು ಸೀರೆಗಳಿದ್ದವು. ಬೆಲೆ 3,450 ರೂಪಾಯಿ. ಸೆರಗು ಅದೇ ತೋಪ ತೆನಿಯದು, ದಡಿಯ ವಿನ್ಯಾಸ ಮಾತ್ರ ಬೇರೆ.

ಹೀಗೆ ಪತ್ರ ಬರೆಯುವ ಹೊತ್ತಿಗೆ ಕೈಯಲ್ಲಿದ್ದದ್ದು ಕೇಳಿದ್ದಕ್ಕೆ ಹತ್ತಿರದ ಒಂದು ಸೀರೆಯೇ ಹೊರತು ಕೇಳಿದ ಸೀರೆಯಲ್ಲ.

ಲಿಖಿತವಾಗಿ ಒಪ್ಪಿಕೊಳ್ಳುವ ಭಯ

ಪತ್ರದ ಬಗ್ಗೆ ಮಾಲೀಕರಿಗೆ ಒಂದು ಅಳುಕಿತ್ತು. “ತಪ್ಪು ನಮ್ಮದು ಅಂತ ಬರದ ಕೊಟ್ರ ನಾಳೆ ಅದ ಸಾಕ್ಷಿ ಆಗೂದಿಲ್ಲೇನ್ರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು, ತಳ್ಳಿಹಾಕುವಂತಹುದಲ್ಲ. ಆದರೆ ಸಾಕ್ಷಿ ಆಗಲೇ ಗ್ರಾಹಕರ ಕೈಯಲ್ಲಿತ್ತು. “9 ಗಜ” ಎಂದು ಬರೆದ ಆರ್ಡರ್ ದೃಢೀಕರಣವೂ, 6 ಎಂದು ಬರೆದ ಸೀರೆಯ ಚೀಟಿಯೂ ಅವರಲ್ಲೇ ಇದ್ದವು. ಜಾಹೀರುಪಡಿಸಿದ ಗುಣಲಕ್ಷಣಗಳಿಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರುವವರು ನಿರಾಕರಿಸುವಂತಿಲ್ಲ ಎಂದು ಮೇಲೆ ಹೇಳಿದ ನಿಯಮಗಳಲ್ಲೇ ಇದೆ. ಒಪ್ಪಿಕೊಂಡರೆ ಹೊಸದಾಗಿ ಕಳೆದುಕೊಳ್ಳುವುದೇನೂ ಇರಲಿಲ್ಲ, “ಕಣ್ತಪ್ಪು” ಎಂದು ಬರೆದು ಅದು ಸುಳ್ಳೆಂದು ಮುಂದೆ ಗೊತ್ತಾದರೆ ಮಾತ್ರ ಕಳೆದುಕೊಳ್ಳುವುದಿತ್ತು. ಆದರೂ ಅವರ ಅಳುಕಿನಿಂದ ಒಂದು ಒಳ್ಳೆಯದಾಯಿತು. ನಡೆದದ್ದನ್ನು ಮಾತ್ರ ಬರೆಯೋಣ, ಅದಕ್ಕೆ ವಿಶೇಷಣಗಳನ್ನು ಸೇರಿಸುವುದು ಬೇಡ ಎಂದು ತೀರ್ಮಾನವಾಯಿತು. “ಅಕ್ಷಮ್ಯ”, “ಘೋರ” ಎಂಬಂತಹ ಪದಗಳು ಕರಡಿನಿಂದ ಹೊರಗೆ ಹೋದವು.

ಇನ್ನೊಂದು ಚರ್ಚೆ ಸೀರೆಯನ್ನು ಮೊದಲು ಯಾರು ಕಳುಹಿಸಬೇಕು ಎಂಬುದರ ಮೇಲೆ ನಡೆಯಿತು. ಹೊಸ ಸೀರೆಯನ್ನು ಕಳುಹಿಸಿ, ಹಳೆಯದು ಬರದಿದ್ದರೆ 2,400 ರೂಪಾಯಿ ಹೋದಂತೆ ಎಂದು ಸೋದರಳಿಯ ವಾದಿಸಿದ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾಯಿಯ ಶಾಂತಿಗೆ ಸೀರೆ ತರಿಸುವವರು ಸೀರೆ ಎತ್ತಿಹಾಕುವವರಲ್ಲ ಎಂದು ಮಾತು ಮುಗಿಸಿದರು. ಪ್ರಕರಣದ ದಿಕ್ಕನ್ನು ಬದಲಿಸಿದ್ದು ಈ ತೀರ್ಮಾನ.

ಕಳುಹಿಸಿದ ಪತ್ರ

“ಶ್ರೀಮತಿ … ಅವರಿಗೆ ನಮಸ್ಕಾರಗಳು.

ತಾವು ಒಂಬತ್ತು ಗಜದ ಗಿರಿಕುಂಕುಮ ಸೀರೆಯನ್ನು ಕೇಳಿ, ಅದರ ಬೆಲೆ 3,600 ರೂಪಾಯಿಯನ್ನು ಕೊಟ್ಟಿದ್ದೀರಿ. ನಾವು ತಮಗೆ ಆರು ಗಜದ ಸೀರೆಯನ್ನು ಕಳುಹಿಸಿದ್ದೇವೆ. ತಮ್ಮ ತಾಯಿಯವರು ಅಳೆದದ್ದು ಸರಿಯಾಗಿಯೇ ಇದೆ. ಇದಕ್ಕಾಗಿ ತಮ್ಮಲ್ಲಿಯೂ ತಾಯಿಯವರಲ್ಲಿಯೂ ಕ್ಷಮೆ ಕೇಳುತ್ತೇವೆ.

ತಪ್ಪು ನಮ್ಮ ವೆಬ್‌ಸೈಟಿನ ಪಟ್ಟಿಯಲ್ಲಿ ಆಗಿದೆ. ಒಂಬತ್ತು ಗಜದ ಸೀರೆಯ ಹೆಸರಿನ ಮುಂದೆ ನಾವು ಆರು ಗಜದ ಸೀರೆಯ ಕೋಡನ್ನು ನಮೂದಿಸಿದ್ದೆವು. ತಾವು ಆಯ್ಕೆ ಮಾಡುವುದರಲ್ಲಿ ಯಾವ ತಪ್ಪೂ ಆಗಿಲ್ಲ. ಆ ಪಟ್ಟಿಯನ್ನು ಈ ಬೆಳಿಗ್ಗೆ ತೆಗೆದುಹಾಕಿದ್ದೇವೆ.

ತಾವು ಕೇಳಿದ ಗೋಮಿ ದಡಿಯ ಒಂಬತ್ತು ಗಜದ ಸೀರೆ ಈಗ ನಮ್ಮಲ್ಲಿ ಇಲ್ಲ. ನೇಯಿಸಿ ಕಳುಹಿಸಿದರೆ ಶಾಂತಿಯ ದಿನಕ್ಕೆ ತಲುಪುವುದಿಲ್ಲ. ಅದೇ ಬಣ್ಣದ, ಒಂಬತ್ತು ಗಜದ, ತೋಪ ತೆನಿ ಸೆರಗಿನ, ಆದರೆ ಗಾಡಿ ದಡಿಯ ಸೀರೆ ನಮ್ಮಲ್ಲಿದೆ. ಅದನ್ನು ಬಿಡಿಸಿ ಟೇಪಿನಿಂದ ಅಳೆದಿದ್ದೇವೆ, ಫೋಟೋ ಈ ಪತ್ರದ ಜೊತೆಗಿದೆ. ತಾವು ಒಪ್ಪಿದರೆ ಇಂದು ಸಂಜೆಯ ಕೊರಿಯರ್‌ನಲ್ಲಿ ಅದನ್ನು ಕಳುಹಿಸುತ್ತೇವೆ. ಅದರ ಬೆಲೆ 150 ರೂಪಾಯಿ ಕಡಿಮೆ, ಆ ಹಣವನ್ನು ಮರಳಿಸುತ್ತೇವೆ. ದಡಿ ತಮಗೆ ಒಪ್ಪಿಗೆಯಾಗದಿದ್ದರೆ ಪೂರ್ತಿ 3,600 ರೂಪಾಯಿಯನ್ನು ಇಂದೇ ಮರಳಿಸುತ್ತೇವೆ. ಅದು ತಮ್ಮ ಬ್ಯಾಂಕಿಗೆ ತಲುಪಲು 5ರಿಂದ 7 ಕೆಲಸದ ದಿನ ಬೇಕಾಗಬಹುದು.

ತಮ್ಮಲ್ಲಿರುವ ಆರು ಗಜದ ಸೀರೆಯನ್ನು ಈಗಲೇ ಕಳುಹಿಸಬೇಕಾಗಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ತಾವು ಹೇಳಿದ ದಿನ ನಮ್ಮ ಖರ್ಚಿನಲ್ಲಿ ಮನೆಯಿಂದಲೇ ತರಿಸಿಕೊಳ್ಳುತ್ತೇವೆ.

ಈ ಪತ್ರದ ಕೆಳಗಿರುವುದು ನನ್ನ ಸ್ವಂತ ಫೋನ್ ಸಂಖ್ಯೆ. ಸಂಜೆ ನಾಲ್ಕರೊಳಗೆ ತಮ್ಮ ನಿರ್ಧಾರ ತಿಳಿದರೆ ಇಂದಿನ ಕೊರಿಯರ್ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
(ಮಾಲೀಕರ ಹೆಸರು ಮತ್ತು ಸಹಿ)”

ಪತ್ರದಲ್ಲಿ ಅಡಗಿರುವ ಕೆಲವು ನಿರ್ಧಾರಗಳನ್ನು ವಿವರಿಸಬೇಕು. “ತಾವು ಆಯ್ಕೆ ಮಾಡುವುದರಲ್ಲಿ ಯಾವ ತಪ್ಪೂ ಆಗಿಲ್ಲ” ಎಂಬ ವಾಕ್ಯವನ್ನು ಬೇಕೆಂದೇ ಸೇರಿಸಲಾಯಿತು. ಅಳತೆ ತಪ್ಪಿದ ಸೀರೆ ಕೈಗೆ ಬಂದಾಗ ಬಹಳ ಗ್ರಾಹಕರು ಮೊದಲು ತಮ್ಮ ಮೊಬೈಲನ್ನೇ ತೆಗೆದು, ತಾವೇ ಏನಾದರೂ ತಪ್ಪು ಒತ್ತಿದೆವೋ ಎಂದು ನೋಡುತ್ತಾರೆ. ಪಟ್ಟಿಯ ತಪ್ಪಿಗೂ ಪ್ಯಾಕಿಂಗ್ ತಪ್ಪಿಗೂ ಕ್ಷಮಾಪಣೆಯಲ್ಲಿ ಇರುವ ವ್ಯತ್ಯಾಸ ಇಲ್ಲಿದೆ: ಪ್ಯಾಕಿಂಗ್ ತಪ್ಪಿನಲ್ಲಿ ಗ್ರಾಹಕರಿಗೆ ತಮ್ಮ ಮೇಲೆ ಸಂಶಯ ಬರುವುದಿಲ್ಲ, ಪಟ್ಟಿಯ ತಪ್ಪಿನಲ್ಲಿ ಬರುತ್ತದೆ. ಹಾಗೆಂದು ಕಾಲಂ ವಿಂಗಡಣೆಯ ಕಥೆಯನ್ನೆಲ್ಲ ಅವರಿಗೆ ಬರೆಯಲಿಲ್ಲ. ಸೋದರಳಿಯನ ಕರಡೊಂದರಲ್ಲಿ ಅದು ಎಂಟು ಸಾಲು ಇತ್ತು. ಓದಿದರೆ ವಿವರಣೆಗಿಂತ ಸಮಜಾಯಿಷಿಯಂತೆ ಕೇಳಿಸುತ್ತಿತ್ತು.

ದಡಿ ಬೇರೆಯೆಂಬುದನ್ನು ಬಣ್ಣ, ಸೆರಗುಗಳ ಹೋಲಿಕೆಯ ಕೆಳಗೆ ಬಚ್ಚಿಡದೆ, ಕೇಳಿದ ಸೀರೆ ಇಲ್ಲ ಎಂಬ ವಾಕ್ಯವನ್ನೇ ಮೊದಲು ಇಡಲಾಯಿತು. ಒಮ್ಮೆ ಬೇರೆ ಸರಕು ಪಡೆದವರಿಗೆ ಎರಡನೆಯ ಸಲವೂ ಹೇಳದೆ ಬೇರೆಯದನ್ನು ಕಳುಹಿಸಿದರೆ ಆಮೇಲೆ ಯಾವ ಪತ್ರವೂ ಕೆಲಸಕ್ಕೆ ಬಾರದು. ಅಳತೆಯ ಫೋಟೋವನ್ನು ಸೇರಿಸಿದ್ದೂ ಇದೇ ಕಾರಣಕ್ಕೆ: ನೆಲದ ಮೇಲೆ ಹಾಸಿದ ಸೀರೆ, ಪಕ್ಕದಲ್ಲಿ ದರ್ಜಿಯ ಟೇಪು, ಕೊನೆಯ ತುದಿ 8.2 ಮೀಟರಿನ ಹತ್ತಿರ.

ನಡೆದದ್ದು

ಗ್ರಾಹಕರು ಮೂರು ಗಂಟೆಗೆ ಫೋನ್ ಮಾಡಿದರು. ತಾಯಿಯನ್ನು ಕೇಳಿದೆನೆಂದೂ, ಗಾಡಿ ದಡಿಯಾದರೂ ನಡೆಯುತ್ತದೆಂದೂ ಹೇಳಿದರು. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ ಎಂದು ಮಾಲೀಕರು ಆಮೇಲೆ ಹೇಳಿದರು. ಸೀರೆ ನಾಲ್ಕನೆಯ ದಿನ ತಲುಪಿತು. ಆರು ಗಜದ ಸೀರೆ ಹಿಂದಿರುಗಲು ಶಾಂತಿ ಮುಗಿದ ಮೇಲೂ ಒಂದು ವಾರ ಹಿಡಿಯಿತು. ಮನೆಯಲ್ಲಿ ನೆಂಟರಿದ್ದರು, ಕೊರಿಯರಿನವನು ಎರಡು ಸಲ ಹೋಗಿ ಮರಳಿದ್ದ. ಆ ವಾರದಲ್ಲಿ ಸೋದರಳಿಯ ಜ್ಞಾಪನೆಯ ಸಂದೇಶ ಕಳುಹಿಸಲು ಹೊರಟಾಗ ಮಾಲೀಕರು ಬಿಡಲಿಲ್ಲ.

ಆ ಗ್ರಾಹಕರು ವೆಬ್‌ಸೈಟಿನಲ್ಲಿ ಐದರಲ್ಲಿ ಮೂರು ನಕ್ಷತ್ರ ಕೊಟ್ಟು, ಮೊದಲು ತಪ್ಪು ಅಳತೆ ಬಂದಿತ್ತು, ಬೇಗ ಸರಿಪಡಿಸಿದರು, ಆದರೆ ಬಯಸಿದ ದಡಿ ಸಿಗಲಿಲ್ಲ ಎಂದು ಬರೆದರು. ಅದನ್ನು ಐದಕ್ಕೆ ಏರಿಸುವಂತೆ ವಿನಂತಿಸಬಹುದೇ ಎಂಬ ಮಾತು ಬಂತು. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲವಾದ್ದರಿಂದ ವಿನಂತಿ ಮಾಡಲಿಲ್ಲ. ಕ್ಷಮೆ ಕೇಳಿ, ಅದಕ್ಕೆ ಪ್ರತಿಯಾಗಿ ನಕ್ಷತ್ರ ಕೇಳಿದರೆ ಮೊದಲು ಕೇಳಿದ್ದು ಕ್ಷಮೆಯೇ ಎಂಬ ಪ್ರಶ್ನೆ ಏಳುತ್ತದೆ.

ದೂರು ಕೊಡದ ನಾಲ್ವರು

ಪ್ಯಾಕಿಂಗ್ ತಪ್ಪು ಒಂದು ಪೊಟ್ಟಣಕ್ಕೆ ಮುಗಿಯುತ್ತದೆ. ಪಟ್ಟಿಯ ತಪ್ಪು ಅದನ್ನು ಏರಿಸಿದ ಗಳಿಗೆಯಿಂದ ತೆಗೆಯುವವರೆಗೆ ಬಂದ ಪ್ರತಿ ಆರ್ಡರಿನಲ್ಲಿಯೂ ಮರುಕಳಿಸುತ್ತದೆ. ದೂರು ಕೊಟ್ಟವರು ಒಬ್ಬರೇ ಆದರೂ ತಪ್ಪು ಸೀರೆ ಹೋದದ್ದು ಐವರಿಗೆ. ಈ ಪ್ರಕರಣದಿಂದ ಕಲಿಯಬೇಕಾದ ಮುಖ್ಯ ಸಂಗತಿ ಇದೇ ಎಂದು ನನಗನಿಸುತ್ತದೆ. ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೇಳಿದವರೊಬ್ಬರಿಗೇ ಬರೆದು ನಿಲ್ಲಿಸಿದ್ದರೆ ಉಳಿದ ನಾಲ್ವರ ಮಟ್ಟಿಗೆ ಅಂಗಡಿ ತಿಳಿದೂ ಸುಮ್ಮನಿದ್ದಂತಾಗುತ್ತಿತ್ತು.

ಆರ್ಡರುಗಳನ್ನು ಹಿಂದಕ್ಕೆ ನೋಡುತ್ತ ಹೋದಾಗ ಮೊದಲೇ ಒಂದು ಸೂಚನೆ ಸಿಕ್ಕಿತ್ತೆಂಬುದೂ ಗೊತ್ತಾಯಿತು. ಆರು ಗಜಕ್ಕೆ ಹಣ ಕೊಟ್ಟಿದ್ದ ಒಬ್ಬರು ಫೋನ್ ಮಾಡಿ, “ಸೀರಿ ಭಾಳ ಉದ್ದ ಐತಲ್ಲರಿ” ಎಂದಿದ್ದರಂತೆ. ಫೋನ್ ಎತ್ತಿದವರು ಅದನ್ನು ಹೊಗಳಿಕೆಯೆಂದು ತಿಳಿದು “ನಮ್ಮಲ್ಲಿ ಅಳತಿಗೆ ಕಡಿಮಿ ಮಾಡಂಗಿಲ್ರಿ” ಎಂದು ಉತ್ತರಿಸಿದ್ದರು.

ಒಂಬತ್ತು ಗಜಕ್ಕೆ ಹಣ ಕೊಟ್ಟು ಆರು ಗಜ ಪಡೆದಿದ್ದ ಎರಡನೆಯವರಿಗೆ ಮೊದಲ ಪತ್ರದಂತಹುದೇ ಒಂದು ಪತ್ರ ಹೋಯಿತು. ಅವರು ಆ ಸೀರೆಯನ್ನು ಬಿಡಿಸಿಯೂ ನೋಡದೆ ಸಂಬಂಧಿಕರೊಬ್ಬರಿಗೆ ಉಡಿ ತುಂಬಿಬಿಟ್ಟಿದ್ದರು. ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ, ಬೇರೆ ಸೀರೆಯೂ ಬೇಡವೆಂದರು. 1,200 ರೂಪಾಯಿಯನ್ನು ಅವರಿಗೆ ಮರಳಿಸಿ, ಆ ಮೊತ್ತಕ್ಕೆ ಜಿಎಸ್‌ಟಿ ಲೆಕ್ಕದಲ್ಲಿ ಕ್ರೆಡಿಟ್ ನೋಟ್ ಮಾಡಲಾಯಿತು. ಉಡಿ ತುಂಬಿಸಿಕೊಂಡವರ ಮುಂದೆ ಅವರಿಗಾದ ಮುಜುಗರವನ್ನು ಯಾವ ಪತ್ರವೂ ಸರಿಪಡಿಸಲಾರದು, ಪತ್ರದಲ್ಲಿ ಅದಕ್ಕೆ ಪ್ರಯತ್ನಿಸಲೂ ಇಲ್ಲ.

ಆರು ಗಜದ ಬೆಲೆಗೆ ಒಂಬತ್ತು ಗಜ ಪಡೆದ ಮೂವರ ವಿಷಯದಲ್ಲಿ ಅಂಗಡಿಯೊಳಗೇ ಭಿನ್ನಾಭಿಪ್ರಾಯವಿತ್ತು. ಬೆಲೆಯ ವ್ಯತ್ಯಾಸ ಕೇಳಬೇಕೆಂದು ಒಬ್ಬರು, ಸುಮ್ಮನಿರಬೇಕೆಂದು ಇನ್ನೊಬ್ಬರು. ಹೆಚ್ಚು ಬೆಲೆಯ ಸರಕು ಬಂದಿತಲ್ಲ, ಅವರಿಗೇನು ನಷ್ಟ ಎಂಬ ಮಾತು ಸರಿಯೆನಿಸಬಹುದು. ಆದರೆ ಆರು ಗಜ ಉಟ್ಟು ರೂಢಿಯಿರುವವರಿಗೆ ಒಂಬತ್ತು ಗಜ ನೆರಿಗೆಯಲ್ಲಿ ನಿಲ್ಲುವುದಿಲ್ಲ, ಅವರ ಪಾಲಿಗೆ ಅದೂ ಉಡಲಾಗದ ಸೀರೆಯೇ. ಕೊನೆಗೆ ಮೂವರಿಗೂ ಬರೆದದ್ದು ಇಷ್ಟು: “ನಮ್ಮ ಪಟ್ಟಿಯ ತಪ್ಪಿನಿಂದ ತಮಗೆ ಆರು ಗಜದ ಬದಲು ಒಂಬತ್ತು ಗಜದ ಸೀರೆ ಬಂದಿದೆ. ಕ್ಷಮಿಸಬೇಕು. ತಾವು ಹೆಚ್ಚಿನ ಹಣ ಕೊಡಬೇಕಾಗಿಲ್ಲ. ಅದನ್ನು ಇಟ್ಟುಕೊಳ್ಳಬಹುದು, ಅಥವಾ ಉಡದೆ ಇದ್ದಲ್ಲಿ ನಮ್ಮ ಖರ್ಚಿನಲ್ಲಿ ಆರು ಗಜದ್ದಕ್ಕೆ ಬದಲಾಯಿಸಿಕೊಳ್ಳಬಹುದು.”

ಒಬ್ಬರು ಬದಲಾಯಿಸಿಕೊಂಡರು. ಉದ್ದವಾಯಿತೆಂದು ಫೋನ್ ಮಾಡಿದ್ದವರು ಅಷ್ಟರಲ್ಲಿ ಸೀರೆಯನ್ನು ಕತ್ತರಿಸಿ ಮಗಳಿಗೆ ಲಂಗ ಹೊಲಿಸಿದ್ದರು. ಮೂರನೆಯವರಿಂದ ಉತ್ತರವೇ ಬರಲಿಲ್ಲ, ಮತ್ತೊಮ್ಮೆ ಬರೆಯಲೂ ಇಲ್ಲ.

ಪಟ್ಟಿಯಲ್ಲಿ ಬದಲಾದದ್ದು

ಪತ್ರದಲ್ಲಿ “ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ” ಎಂಬ ವಾಕ್ಯವನ್ನು ಸೇರಿಸಿರಲಿಲ್ಲ, ಏಕೆಂದರೆ ಆ ಬೆಳಿಗ್ಗೆ ಹಾಗೆ ಹೇಳಲು ಅಂಗಡಿಯ ಬಳಿ ಆಧಾರವಿರಲಿಲ್ಲ. ಬದಲಾವಣೆಗಳು ಮುಂದಿನ ವಾರ ಆದವು. ಪ್ಯಾಕಿಂಗ್ ಚೀಟಿಯ ಮೇಲೆ ಈಗ ಕೋಡಿನ ಜೊತೆಗೆ ಗ್ರಾಹಕರು ಆರಿಸಿದ ಹೆಸರು ಮತ್ತು ಉದ್ದವೂ ಅಚ್ಚಾಗುತ್ತದೆ. ಕೋಡಿನ ಕೊನೆಯ ಅಂಕಿ ಮತ್ತು ಹೆಸರಿನ ಗಜ ಒಂದೇ ಆಗಿರದಿದ್ದರೆ ಪೊಟ್ಟಣ ಕಟ್ಟಬಾರದೆಂದು ಆಳಿಗೆ ಹೇಳಲಾಗಿದೆ. ಈ ಒಂದು ಏರ್ಪಾಡು ಮೊದಲೇ ಇದ್ದಿದ್ದರೆ ಐದೂ ಸೀರೆಗಳು ಅಂಗಡಿಯಲ್ಲೇ ನಿಲ್ಲುತ್ತಿದ್ದವು. ವೆಬ್‌ಸೈಟಿನಲ್ಲಿ ಗಜದ ಜೊತೆಗೆ ಮೀಟರನ್ನೂ ಬರೆಯಲಾಗಿದೆ. ಹಾಳೆಯನ್ನು ಏರಿಸಿದ ನಂತರ ಪ್ರತಿ ಬಣ್ಣದ ಮೊದಲ ಮತ್ತು ಕೊನೆಯ ಸಾಲನ್ನು ಸೈಟಿನಲ್ಲಿ ತೆರೆದು ನೋಡುವ ರೂಢಿಯೂ ಬಂದಿದೆ. ಮಧ್ಯದ ಸಾಲು ಸರಿಯಿದೆಯೆಂದು ನೆಚ್ಚುವುದನ್ನು ಸೋದರಳಿಯ ಬಿಟ್ಟಿದ್ದಾನೆ.

ಗೋಮಿ ದಡಿಯ ಉಳಿದ ಬಣ್ಣಗಳ ಕೋಡುಗಳೂ ಅದೇ ಹಾಳೆಯಲ್ಲಿ ತಿರುವುಮುರುವಾಗಿದ್ದವು. ಅವುಗಳಲ್ಲಿ ಆರು ಅಥವಾ ಒಂಬತ್ತು ಗಜಕ್ಕೆ ಆ ಅವಧಿಯಲ್ಲಿ ಆರ್ಡರ್ ಬಂದಿರಲಿಲ್ಲ. ಕಪಾಟಿನ ಸೀರೆಗಳನ್ನು ಒಂದೊಂದಾಗಿ ಎಣಿಸಿ ದಾಸ್ತಾನನ್ನು ಹೊಸದಾಗಿ ಬರೆದ ಮೇಲೆಯೇ ಆ ಪಟ್ಟಿಯನ್ನು ಮತ್ತೆ ತೆರೆಯಲಾಯಿತು.